ಪಿನ್ ಕೂತಿತು, ಚಾರ್ಜ್ ಇಳಿಯಿತು

ನನ್ನ ಅಡಾಪ್ಟರ್ ಕೆಟ್ಟಾಗ ಅಣ್ಣನ ಲ್ಯಾಪ್‌ಟಾಪಿನದನ್ನು ಚುಚ್ಚಿದೆ. ಪಿನ್ ಸರಿಯಾಗಿಯೇ ಕೂತಿತು. ಆದರೆ ವಿಡಿಯೊ ಎಡಿಟ್ ಮಾಡುವಾಗ, ಪ್ಲಗ್ ಹಾಕಿದ್ದರೂ ಚಾರ್ಜ್ ಇಳಿಯತೊಡಗಿತು. ಅಡಾಪ್ಟರ್ ಕೈ ಇಡಲಾಗದಷ್ಟು ಬಿಸಿ. ಬ್ಯಾಟರಿಯನ್ನೇ ಬೈದೆ, ಪಾಪ.

ಕೊನೆಗೆ ಎರಡೂ ಅಡಾಪ್ಟರಿನ ಚೀಟಿ ಓದಿದೆ. ‘ಇನ್‌ಪುಟ್ 100–240 ವೋಲ್ಟ್’ ಎಂಬುದು ಗೋಡೆಯ ಕಡೆಯದು, ಎರಡರಲ್ಲೂ ಒಂದೇ. ನೋಡಬೇಕಾದ್ದು ‘ಔಟ್‌ಪುಟ್’ ಸಾಲು: ನನ್ನದು 19.5 ವೋಲ್ಟ್, 3.34 ಆಂಪಿಯರ್, ಅಣ್ಣನದು 19.5 ವೋಲ್ಟ್, 2.31 ಆಂಪಿಯರ್. ಗುಣಿಸಿ ನೋಡಿದರೆ 65 ವ್ಯಾಟ್ ಬೇಕಾದಲ್ಲಿ 45 ಮಾತ್ರ ಸಿಗುತ್ತಿತ್ತು.

ಅದೇ ವೋಲ್ಟೇಜು, ಅದೇ ಪಿನ್ನಿನ 65 ವ್ಯಾಟಿನದು ತಂದ ಮೇಲೆ ಸರಿಹೋಯಿತು. ಆಂಪಿಯರ್ ಹೆಚ್ಚಿದ್ದರೂ ತೊಂದರೆಯಿಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟೇಜ್ ಹೆಚ್ಚಿದ್ದಿದ್ದರೆ ಮಾತ್ರ ಬೋರ್ಡೇ ಸುಡಬಹುದಿತ್ತು.