ಟ್ಯಾಪ್ ಮಾಡಿದ ಕಾರ್ಡಿಗೆ ಪಿನ್ ಕೇಳುವುದು ಯಾವಾಗ, ಏಕೆ: ಜರ್ಮನಿಗೆ ಹೊಸದಾಗಿ ಬಂದವರಿಗೆ

ನಾಲ್ಕು ದಿನ ಸೂಪರ್‌ಮಾರ್ಕೆಟ್‌ನಲ್ಲಿ ಕಾರ್ಡ್ ತಾಕಿಸಿ ಸಾಮಾನು ತಂದಿರುತ್ತೀರಿ. ಐದನೇ ದಿನ 2.80 ಯೂರೋದ ಬ್ರೆಡ್ಡಿಗೆ ಅದೇ ಮಷೀನ್ ಪಿನ್ ಕೇಳುತ್ತದೆ. ಹಿಂದೆ ಸಾಲು ನಿಂತಿದೆ, ಕೌಂಟರಿನವರು ಜರ್ಮನ್‌ನಲ್ಲಿ ಏನೋ ಹೇಳುತ್ತಿದ್ದಾರೆ. ಹೆಚ್ಚಿನವರು ಮೊದಲು ಮಾಡುವ ಕೆಲಸ ಅದೇ ಕಾರ್ಡನ್ನು ಮತ್ತೆ ಮತ್ತೆ ತಾಕಿಸುವುದು. ಅದರಿಂದ ಉಪಯೋಗವಿಲ್ಲ. ಕಾರ್ಡ್ ಕೆಟ್ಟಿಲ್ಲ, ಖಾತೆಯಲ್ಲಿ ದುಡ್ಡೂ ಇದೆ. ಕಾರ್ಡ್ ನಿಮ್ಮ ಕೈಯಲ್ಲೇ ಇದೆಯೇ ಎಂದು ಖಚಿತಪಡಿಸಿಕೊಳ್ಳುವ ಸರದಿ ಬಂದಿದೆ, ಅಷ್ಟೇ.

ಕಾರ್ಡ್ ತಾಕಿಸಿದಾಗ ಅದರೊಳಗಿನ ಚಿಪ್ ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಗುಪ್ತ ಸಂಕೇತವೊಂದನ್ನು ಲೆಕ್ಕ ಹಾಕಿ ಕೊಡುತ್ತದೆ. ಇದು ನಕಲಿ ಕಾರ್ಡಲ್ಲ ಎಂದು ಬ್ಯಾಂಕಿಗೆ ಅದರಿಂದ ಗೊತ್ತಾಗುತ್ತದೆ. ಆದರೆ ಕಾರ್ಡ್ ಹಿಡಿದ ಕೈ ಯಾರದು ಎಂಬುದು ಆ ಸಂಕೇತದಲ್ಲಿ ಇಲ್ಲ. ಟ್ರಾಮಿನಲ್ಲಿ ಬಿದ್ದ ನಿಮ್ಮ ಕಾರ್ಡ್ ಇನ್ನೊಬ್ಬರ ಕೈಗೆ ಸಿಕ್ಕರೂ ಅದು ಅಷ್ಟೇ ಅಸಲಿ ಸಂಕೇತ ಕೊಡುತ್ತದೆ. ಆ ಕೊರತೆಯನ್ನು ತುಂಬುವುದು ಪಿನ್. ಪ್ರತಿ ಸಲವೂ ಪಿನ್ ಕೇಳಿದರೆ ತಾಕಿಸುವ ಅನುಕೂಲವೇ ಹೋಗುತ್ತದೆ, ಒಮ್ಮೆಯೂ ಕೇಳದಿದ್ದರೆ ಕಳೆದ ಕಾರ್ಡಿನಿಂದ ಖಾತೆ ಬರಿದಾಗುತ್ತದೆ. ಇವೆರಡರ ನಡುವೆ ಎಳೆದ ಗೆರೆಯೇ ಮಿತಿ.

ಮಿತಿ ಒಂದಲ್ಲ, ಎರಡು

ಹೊಸಬರ ಗೊಂದಲವೆಲ್ಲ ಇಲ್ಲೇ ಹುಟ್ಟುತ್ತದೆ. ಒಂದು ಮಿತಿ ಅಂಗಡಿಯ ಮಷೀನಿನಲ್ಲಿದೆ, ಅದು ಈಗಿನ ಬಿಲ್ಲನ್ನು ಮಾತ್ರ ನೋಡುತ್ತದೆ. ಇನ್ನೊಂದು ನಿಮ್ಮ ಬ್ಯಾಂಕಿನಲ್ಲಿದೆ (ಕೆಲವು ಕಾರ್ಡುಗಳಲ್ಲಿ ಚಿಪ್ಪಿನಲ್ಲೇ), ಅದು ನೀವು ಹಿಂದೆ ಮಾಡಿದ ಟ್ಯಾಪುಗಳನ್ನೆಲ್ಲ ಲೆಕ್ಕ ಇಡುತ್ತದೆ.

ಮೊದಲನೆಯದು ಸುಲಭ. ಜರ್ಮನಿಯಲ್ಲಿ ಒಂದು ಬಿಲ್ 50 ಯೂರೋ ದಾಟಿದರೆ ಪಿನ್ ಬೇಕು. 2020ರ ವಸಂತದವರೆಗೆ ಇದು 25 ಯೂರೋ ಇತ್ತು, ಕೊರೊನಾ ಬಂದಾಗ ಕೀಲಿಗಳನ್ನು ಮುಟ್ಟುವುದು ಕಡಿಮೆಯಾಗಲಿ ಎಂದು ಏರಿಸಿದರು. 63.20 ಯೂರೋದ ಸಾಮಾನಿಗೂ ಕಾರ್ಡ್ ತಾಕಿಸಬಹುದು, ತಾಕಿಸಿದ ಮೇಲೆ ಪರದೆಯಲ್ಲಿ `PIN eingeben` ಎಂದು ಬರುತ್ತದೆ, ನಾಲ್ಕು ಅಂಕಿ ಒತ್ತಿ ಹಸಿರು ಗುಂಡಿ ಒತ್ತಿದರೆ ಆಯಿತು. 50 ದಾಟಿದರೆ ತಾಕಿಸಲೇಬಾರದು ಎಂದು ತುಂಬಾ ಜನ ತಿಳಿದಿದ್ದಾರೆ, ಅದು ತಪ್ಪು.

ಈ ಗಡಿ ಕಾರ್ಡಿಗಿಂತ ಹೆಚ್ಚಾಗಿ ಮಷೀನ್ ಇರುವ ದೇಶಕ್ಕೆ ಸೇರಿದ್ದು. ವಾರಾಂತ್ಯಕ್ಕೆ ಬಾಸೆಲ್‌ಗೆ ಹೋದರೆ ಅಲ್ಲಿನ ಮಷೀನಿನ ಗಡಿ 80 ಸ್ವಿಸ್ ಫ್ರಾಂಕ್, ಕಾರ್ಡ್ ಅದೇ ಆದರೂ.

ಎರಡನೆಯದು ಜನರನ್ನು ಕಂಗೆಡಿಸುವಂಥದ್ದು, ಏಕೆಂದರೆ ಅದು ಎಲ್ಲೂ ಕಾಣುವುದಿಲ್ಲ. ಯೂರೋಪಿಯನ್ ಒಕ್ಕೂಟದ 2018/389 ಸಂಖ್ಯೆಯ ನಿಯಮ 2019ರ ಸೆಪ್ಟೆಂಬರ್ 14ರಿಂದ ಜಾರಿಯಲ್ಲಿದೆ. ಪಿನ್ ಇಲ್ಲದೆ ತಾಕಿಸಲು ಬಿಡುವ ಬ್ಯಾಂಕ್ ಎರಡರಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಬೇಕು ಎನ್ನುತ್ತದೆ ಅದು: ಕೊನೆಯ ಪಿನ್ ಆದಮೇಲೆ ತಾಕಿಸಿದ ಮೊತ್ತ ಒಟ್ಟು 150 ಯೂರೋ ಮೀರಬಾರದು, ಇಲ್ಲವೇ ಸತತ ಐದು ಟ್ಯಾಪ್‌ಗಿಂತ ಹೆಚ್ಚಾಗಬಾರದು. ಯಾವುದನ್ನು ಆರಿಸಿಕೊಳ್ಳುವುದು ಎಂಬುದು ಬ್ಯಾಂಕಿಗೆ ಬಿಟ್ಟದ್ದು, ಇನ್ನೂ ಬಿಗಿಯಾಗಿ ಇಡುವ ಸ್ವಾತಂತ್ರ್ಯವೂ ಅದಕ್ಕಿದೆ. ಹಾಗಾಗಿ ಒಂದೇ ಮನೆಯಲ್ಲಿರುವ ಗಂಡನ ಕಾರ್ಡ್ ಒಂದು ಥರ, ಹೆಂಡತಿಯ ಕಾರ್ಡ್ ಇನ್ನೊಂದು ಥರ ನಡೆದುಕೊಂಡರೆ ಆಶ್ಚರ್ಯವಿಲ್ಲ.

ಒಂದು ವಾರದ ಲೆಕ್ಕ ಬರೆದು ನೋಡೋಣ. ಸೋಮವಾರ 63.20 ಯೂರೋದ ಸಾಮಾನಿಗೆ ಪಿನ್ ಒತ್ತಿದಿರಿ, ಲೆಕ್ಕ ಸೊನ್ನೆಗೆ ಬಂತು. ಆಮೇಲೆ ಬರೀ ಟ್ಯಾಪ್: ಬೇಕರಿಯಲ್ಲಿ 3.80, ತರಕಾರಿಗೆ 28.50, ಕ್ಯಾಂಟೀನಿನಲ್ಲಿ 9.20, ಸೋಪು ಶಾಂಪೂಗೆ 17.40, ಶುಕ್ರವಾರ ಮತ್ತೆ ಸಾಮಾನಿಗೆ 41.10. ಐದು ಟ್ಯಾಪ್, ಒಟ್ಟು ಸರಿಯಾಗಿ 100 ಯೂರೋ. ಶನಿವಾರ 4.20 ಯೂರೋದ ಕಾಫಿ. ನಿಮ್ಮ ಬ್ಯಾಂಕ್ ಟ್ಯಾಪ್ ಎಣಿಸುವುದಾದರೆ ಇದು ಆರನೆಯದು, ಕಾಫಿಗೇ ಪಿನ್ ಕೇಳುತ್ತದೆ. ಮೊತ್ತ ಕೂಡಿಸುವುದಾದರೆ ಒಟ್ಟು 104.20, ಸದ್ದಿಲ್ಲದೆ ಮುಗಿಯುತ್ತದೆ. ಮುಂದೆ 38.60 ಆದರೂ 142.80, ಅದೂ ದಾಟುತ್ತದೆ. ಆಮೇಲೆ 11.30ರ ಬಿಲ್ ಬಂದರೆ ಮೊತ್ತ 154.10. ಆ ಬಿಲ್ಲಿಗೇ ಕೇಳುತ್ತದೋ ಅದರ ಮುಂದಿನದಕ್ಕೋ ಎಂಬುದು ಬ್ಯಾಂಕ್ ಕೂಡಿಸುವ ಕ್ರಮದ ಮೇಲೆ ನಿಂತಿದೆ. ಒಮ್ಮೆ ಪಿನ್ ಸರಿಯಾಗಿ ಒತ್ತಿದರೆ ಮತ್ತೆ ಸೊನ್ನೆಯಿಂದ ಶುರು. ದೊಡ್ಡ ಬಿಲ್ಲಿಗೆ ಪಿನ್ ಒತ್ತಿದರೂ ಲೆಕ್ಕ ಅಳಿಸುತ್ತದೆ. ವಾರಕ್ಕೊಮ್ಮೆ 50 ದಾಟುವ ಸಾಮಾನು ತರುವ ಸಂಸಾರಸ್ಥರಿಗೆ ಸಣ್ಣ ಬಿಲ್ಲಿಗೆ ಪಿನ್ ಕೇಳುವುದೇ ಅಪರೂಪವಾಗುವುದು, ಕಾಫಿ ಬನ್ನು ಮಾತ್ರ ಕೊಳ್ಳುವ ವಿದ್ಯಾರ್ಥಿಗಳಿಗೆ ಪದೇ ಪದೇ ಕೇಳುವುದು ಇದರಿಂದಲೇ.

ಪಿನ್ ಕೇಳಿದ ಕ್ಷಣದಲ್ಲಿ ದುಡ್ಡು ಹೋಗಿರುವುದಿಲ್ಲ. ಪಿನ್ ಒತ್ತದೆ ರದ್ದು ಮಾಡಿ ನೋಟು ಕೊಟ್ಟರೆ ಎರಡು ಸಲ ಕಟ್ಟಿದಂತಾಗುವುದಿಲ್ಲ. ಕೆಲವು ಸಲ ಪಿನ್ ಬದಲು `Bitte Karte einstecken` ಎಂದು ಬರುತ್ತದೆ. ಕಾರ್ಡನ್ನು ಕೆಳಗಿನ ಸೀಳಿನಲ್ಲಿ, ಚಿಪ್ ಇರುವ ತುದಿ ಮುಂದಾಗಿ ತೂರಿಸಿ, ಪಿನ್ ಒತ್ತಿ, ಮಷೀನ್ ಹೇಳುವವರೆಗೂ ಎಳೆಯಬೇಡಿ. ನಡುವೆ ಎಳೆದರೆ ವ್ಯವಹಾರ ಮುರಿದು ಮೊದಲಿಂದ ಮಾಡಬೇಕಾಗುತ್ತದೆ. ಬೇರೆ ದೇಶದಲ್ಲಿ ಕೊಟ್ಟ ಕಾರ್ಡುಗಳಿಗೆ ಈ ಸಂದೇಶ ಹೆಚ್ಚು ಬರುತ್ತದೆ, ಏಕೆಂದರೆ ತಾಕಿಸಿದ ಸ್ಥಿತಿಯಲ್ಲೇ ಪಿನ್ನನ್ನು ಬ್ಯಾಂಕಿಗೆ ಕಳಿಸಿ ನೋಡುವ ಏರ್ಪಾಡು ಎಲ್ಲ ಕಾರ್ಡುಗಳಿಗೂ ಇರುವುದಿಲ್ಲ.

ಸಿಕ್ಕಿಹಾಕಿಕೊಳ್ಳುವ ಜಾಗಗಳು

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಪಿನ್ ಕೈಯಲ್ಲಿಲ್ಲದೆ. ಇಲ್ಲಿ ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ, ಕೆಲವು ದಿನ ಬಿಟ್ಟು ಅಂಚೆಯಲ್ಲಿ ಬರುವುದು ವಾಡಿಕೆ, ಒಂದೇ ಕಳ್ಳನಿಗೆ ಎರಡೂ ಸಿಗಬಾರದೆಂದು. ಟಪಾಲು ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಆ ಲಕೋಟೆ ವಾಪಸ್ ಹೋಗುತ್ತದೆ. ಮನೆಯ ಮೂಲ ಬಾಡಿಗೆದಾರರ ಹೆಸರಷ್ಟೇ ಇರುವ ಪೆಟ್ಟಿಗೆಗೆ ನಿಮ್ಮ ಹೆಸರಿನ ಒಂದು ಚೀಟಿ ಅಂಟಿಸುವುದು ಖಾತೆ ತೆರೆಯುವ ಮೊದಲೇ ಆಗಬೇಕಾದ ಕೆಲಸ. ಕೆಲವು ಬ್ಯಾಂಕುಗಳು ಆ್ಯಪ್‌ನಲ್ಲೇ ಪಿನ್ ತೋರಿಸುತ್ತವೆ. ಕಾರ್ಡ್ ಬಂದ ಕೂಡಲೇ ತಾಕಿಸಿ ನೋಡುವವರೂ ಇದ್ದಾರೆ, ಆದರೆ ಹೊಸ ಕಾರ್ಡ್ ಅನೇಕ ಸಲ ಮೊದಲ ಬಾರಿ ಚಿಪ್ ತೂರಿಸಿ ಪಿನ್ ಒತ್ತಿದ ಮೇಲೆಯೇ ಟ್ಯಾಪ್‌ಗೆ ಒಪ್ಪುವುದು. ಎಟಿಎಂನಲ್ಲಿ ಒಮ್ಮೆ ದುಡ್ಡು ತೆಗೆದರೂ ಆ ಕೆಲಸ ಆಗುತ್ತದೆ.

ಸಾಮಾನ್ಯವಾಗಿ ಪಿನ್ ಮೂರು ಸಲ ತಪ್ಪಿದರೆ ಕಾರ್ಡಿಗೆ ಬೀಗ. ಎರಡು ಸಲ ತಪ್ಪಿದ್ದರೆ ಮೂರನೆಯದನ್ನು ಊಹಿಸಿ ಒತ್ತಬೇಡಿ, ಅಲ್ಲಿಗೆ ನೋಟು ಕೊಟ್ಟು ಮನೆಗೆ ಬಂದು ಹುಡುಕಿ. ಊರಿನ ಕಾರ್ಡಿನ ಪಿನ್ನನ್ನು ಇಲ್ಲಿನ ಕಾರ್ಡಿಗೆ ಒತ್ತುವುದೇ ಈ ತಪ್ಪಿಗೆ ಸಾಮಾನ್ಯ ಕಾರಣ.

ಇನ್ನೊಂದು ಜಾಗ ತಿಂಡಿ, ಕಾಫಿ ಕೊಡುವ ಮಷೀನುಗಳು. ಅವುಗಳಲ್ಲಿ ಎಷ್ಟೋ ಕಡೆ ಅಂಕಿಯ ಕೀಲಿಗಳೇ ಇಲ್ಲ. ನಿಮ್ಮ ಲೆಕ್ಕ ತುಂಬಿದ್ದರೆ ಬ್ಯಾಂಕ್ ಪಿನ್ ಕೇಳುತ್ತದೆ, ಒತ್ತಲು ಜಾಗವಿಲ್ಲದ ಮಷೀನ್ ಸುಮ್ಮನೆ ತಿರಸ್ಕರಿಸುತ್ತದೆ. ಖಾತೆ ಖಾಲಿ ಎಂದು ಗಾಬರಿಯಾಗುವ ಮುನ್ನ ಪಕ್ಕದ ಅಂಗಡಿಯಲ್ಲಿ ಕಾರ್ಡ್ ತೂರಿಸಿ, ಪಿನ್ ಒತ್ತಿ ನೀರಿನ ಬಾಟಲಿಯೊಂದನ್ನು ಕೊಂಡು ಬನ್ನಿ. ಅಲ್ಲಿ ಸರಿಹೋಗಿ ಇಲ್ಲೂ ಆಮೇಲೆ ನಡೆದರೆ ಕಾರಣ ಇದೇ. ಅಲ್ಲೂ ಆಗದಿದ್ದರೆ ಆಗ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಪ್ರಯಾಣದ ಟಿಕೆಟ್ ಮತ್ತು ಪಾರ್ಕಿಂಗಿನ ಸ್ವಯಂಚಾಲಿತ ಮಷೀನುಗಳಿಗೆ ಅದೇ ನಿಯಮದಲ್ಲಿ ವಿನಾಯಿತಿ ಇದೆ, ಆದರೂ ಕೇಳುವ ಮಷೀನುಗಳಿವೆ.

ಫೋನಿನಿಂದ ತಾಕಿಸುವವರಿಗೆ ಈ ತೊಂದರೆಗಳು ಬಹುಪಾಲು ಇಲ್ಲ. ಬೆರಳು ಅಥವಾ ಮುಖ ತೋರಿಸಿ ಫೋನ್ ತೆರೆದಾಗ, ಹಿಡಿದವರು ನೀವೇ ಎಂಬ ಪರೀಕ್ಷೆ ಅಲ್ಲೇ ಮುಗಿದಿರುತ್ತದೆ. ಹಾಗಾಗಿ 120 ಯೂರೋದ ಬಿಲ್ಲೂ ಪಿನ್ ಇಲ್ಲದೆ ದಾಟಬಲ್ಲದು. ಆದರೂ ಕಾರ್ಡಿನ ಪಿನ್ ಮರೆಯಬೇಡಿ, ಬ್ಯಾಟರಿ ಸತ್ತ ಸಂಜೆ ಕೆಲಸಕ್ಕೆ ಬರುವುದು ಅದೇ.

ಊರಿನ ಕಾರ್ಡ್ ತಂದವರಿಗೆ

ಇಲ್ಲಿನ ಖಾತೆ ತೆರೆಯುವವರೆಗೆ ಭಾರತದ ಕಾರ್ಡೇ ಗತಿ. ಅಲ್ಲಿ 2021ರ ಜನವರಿ 1ರಿಂದ ಪಿನ್ ಇಲ್ಲದ ಟ್ಯಾಪಿನ ಮಿತಿ 5,000 ರೂಪಾಯಿ. ಜರ್ಮನಿಯ ಮಷೀನ್ ಆ ಅಂಕಿಯನ್ನು ನೋಡುವುದಿಲ್ಲ, ತನ್ನ 50 ಯೂರೋವನ್ನೇ ನೋಡುತ್ತದೆ. ದೊಡ್ಡ ಅಡಚಣೆ ಬೇರೆಯೇ ಇದೆ. ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಹೊಸ ಕಾರ್ಡ್ ಕೊಡುವಾಗ ಅದು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಷೀನುಗಳಿಗೆ ಮಾತ್ರ ತೆರೆದಿರುತ್ತದೆ. ವಿದೇಶದ ಬಳಕೆ, ಟ್ಯಾಪ್, ಆನ್‌ಲೈನ್, ಇವನ್ನು ನೀವೇ ಆನ್ ಮಾಡಬೇಕು. ವಿಮಾನ ಹತ್ತುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶದ ಅಂಗಡಿ ಬಳಕೆಯನ್ನೂ ಟ್ಯಾಪನ್ನೂ ಬೇರೆಬೇರೆಯಾಗಿ ನೋಡಿ ಆನ್ ಮಾಡಿ, ದಿನದ ಮಿತಿಯನ್ನೂ ಹಾಕಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಅದೇ ಕೆಲಸಕ್ಕೆ ಓಟಿಪಿ ಬೇಕಾದರೆ, ಊರಿನ ಸಿಮ್‌ಗೆ ರೋಮಿಂಗ್ ಇಲ್ಲದವರು ಪರದಾಡುತ್ತಾರೆ. ಟ್ಯಾಪ್ ಆಫ್ ಆಗಿದ್ದರೆ ತಾಕಿಸುವುದು ನಡೆಯದಿದ್ದರೂ ಚಿಪ್ ತೂರಿಸಿ ಪಿನ್ ಒತ್ತಿದರೆ ನಡೆಯುತ್ತದೆ. ಎರಡೂ ನಡೆಯದಿದ್ದರೆ ವಿದೇಶದ ಬಳಕೆ ಆಫ್ ಆಗಿದೆಯೇ ಎಂದು ಮೊದಲು ನೋಡಿ.

ಕಾರ್ಡ್ ಕಳೆದರೆ

ಮಿತಿಗಳು ನಿಮಗೆ ನಿಜವಾಗಿ ನೆರವಾಗುವುದು ಇಲ್ಲಿ. ಸಿಕ್ಕವರು ಪಿನ್ ಇಲ್ಲದೆ ತಾಕಿಸಬಹುದಾದುದು ಉಳಿದಿರುವ ಟ್ಯಾಪುಗಳಷ್ಟೇ ಅಥವಾ 150 ಯೂರೋದಲ್ಲಿ ಉಳಿದ ಭಾಗವಷ್ಟೇ. ಬ್ಯಾಂಕ್ ಪಿನ್ನಿನಂಥ ಬಲವಾದ ಪರೀಕ್ಷೆ ಕೇಳದೆ ಬಿಟ್ಟ ಟ್ಯಾಪುಗಳ ನಷ್ಟವನ್ನು, ನೀವು ಮೋಸ ಮಾಡಿಲ್ಲದಿದ್ದರೆ, ಜರ್ಮನ್ ಸಿವಿಲ್ ಕಾನೂನಿನ 675v ಕಲಮಿನಂತೆ ಬ್ಯಾಂಕೇ ಹೊರಬೇಕು. ಆದರೆ ಪಿನ್ ಬರೆದ ಚೀಟಿ ಕಾರ್ಡಿನ ಜೊತೆಗೇ ಪರ್ಸಿನಲ್ಲಿದ್ದರೆ ಕತೆ ಬೇರೆ. ಆ ಪಿನ್ ಒತ್ತಿ ತೆಗೆದ ದುಡ್ಡಿಗೆ ಭಾರಿ ನಿರ್ಲಕ್ಷ್ಯ ಎಂದು ಹೇಳಿ ಬ್ಯಾಂಕ್ ಕೈ ತೊಳೆದುಕೊಳ್ಳಬಹುದು. ಕಳೆದುದು ಗೊತ್ತಾದ ಕೂಡಲೇ ಆ್ಯಪ್‌ನಲ್ಲಿ ಕಾರ್ಡ್ ತಡೆಹಿಡಿಯಿರಿ, ಇಲ್ಲವೇ 116 116ಕ್ಕೆ ಕರೆ ಮಾಡಿ, ಜರ್ಮನಿಯ ಹೊರಗಿದ್ದರೆ ಮುಂದೆ +49 ಸೇರಿಸಿ. ಖಾತೆಯ ಐಬಾನ್ ಸಂಖ್ಯೆ ಕೇಳುತ್ತಾರೆ. ಅದನ್ನು ಕಾರ್ಡ್ ಇಡುವ ಪರ್ಸಿನಲ್ಲಲ್ಲದೆ ಬೇರೆ ಕಡೆಯೂ ಬರೆದಿಟ್ಟಿರಿ.