ನಾಲ್ಕು ಸಾಲಿನ ಮೇಲ್, ಹದಿನೇಳು ದಿನ ಬಿಟ್ಟು ಇಂಟರ್‌ವ್ಯೂ

ಆರು ವರ್ಷದಲ್ಲಿ ಮೂರು ಇಂಟರ್‌ವ್ಯೂಗಳನ್ನು ಕೊನೇ ಗಳಿಗೆಯಲ್ಲಿ ಬಿಟ್ಟಿದ್ದೇನೆ. ಮೊದಲ ಎರಡರಲ್ಲಿ ಕೆಲಸವೂ ಕೈತಪ್ಪಿತು. ಮೂರನೆಯದರಲ್ಲಿ ನಾಲ್ಕೇ ಸಾಲಿನ ಮೇಲ್ ಕಳಿಸಿದ್ದೆ, ಕೆಲಸ ಸಿಕ್ಕಿತು. ಇಷ್ಟು ಚಿಕ್ಕ ಮೇಲ್‌ಗೆ ಯಾರೂ ಬೆಲೆ ಕೊಡಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಟೈಫಾಯ್ಡ್. ಪೆರ್ಲದ ಮನೆಯಲ್ಲಿ ಮಲಗಿಕೊಂಡೇ ಎಚ್‌ಆರ್‌ಗೆ ವಾಟ್ಸಾಪ್‌ನಲ್ಲಿ ಒಂದು ಪುಟದಷ್ಟು ಬರೆದೆ. ಎಷ್ಟು ಜ್ವರ, ಎಷ್ಟು ಸಲ ವಾಂತಿ, ಯಾವ ಮಾತ್ರೆ, ಎಲ್ಲವನ್ನೂ. ಜೊತೆಗೆ ಡ್ರಿಪ್ ಹಾಕಿದ ಕೈಯ ಫೋಟೋ, ಲ್ಯಾಬ್ ರಿಪೋರ್ಟ್. ಎರಡು ವಾರ ಬಿಟ್ಟು ಕರೆದರು. ಪ್ಯಾನೆಲ್‌ನ ಮೊದಲ ಪ್ರಶ್ನೆಯೇ "ಲಿವರ್ ತೊಂದರೆ ಏನಾದರೂ ಇದೆಯಾ?" ಟೈಫಾಯ್ಡ್‌ನಲ್ಲಿ ಲಿವರ್ ಎಂಜೈಮ್ ಸ್ವಲ್ಪ ಏರುವುದುಂಟು. ರಿಪೋರ್ಟಿನಲ್ಲಿ ಅದು ಇತ್ತು, ರಿಪೋರ್ಟು ಪ್ಯಾನೆಲ್ ತನಕ ಹೋಗಿತ್ತು. ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ನನ್ನ ಲಿವರ್ ಬಗ್ಗೆಯೇ ಮಾತು.

ಎರಡನೇ ಸಲ ಅಜ್ಜಿಗೆ ಕಾಯಿಲೆ ಜೋರಾಗಿತ್ತು. ಹಿಂದಿನ ಪೆಟ್ಟು ನೆನಪಿತ್ತಲ್ವಾ, "ವೈಯಕ್ತಿಕ ಕಾರಣದಿಂದ ಬರಲಾಗುವುದಿಲ್ಲ" ಎಂದಷ್ಟೇ ಕಳಿಸಿದೆ. ಬೇರೆ ಕಡೆ ಆಫರ್ ಸಿಕ್ಕಿದೆ ಎಂದುಕೊಂಡು ಅವರು ನನ್ನ ಹೆಸರನ್ನೇ ತೆಗೆದರು.

ನೇಮಕಾತಿ ವಿಭಾಗದಲ್ಲಿರುವ ಹಳೇ ಕ್ಲಾಸ್‌ಮೇಟ್ ಒಬ್ಬಳು ಆಮೇಲೆ ಬಿಡಿಸಿ ಹೇಳಿದಳು. ಪ್ಯಾನೆಲ್‌ನವರು ರಿಕ್ರೂಟರ್‌ಗೆ "ಯಾಕೆ ಬಂದಿಲ್ಲ?" ಎಂದು ಕೇಳುತ್ತಾರೆ. ರಿಕ್ರೂಟರ್ ಒಂದು ಸಾಲಿನಲ್ಲಿ ಉತ್ತರ ಕೊಡಬೇಕು. ಆ ಸಾಲನ್ನು ನಾವೇ ಬರೆದುಕೊಟ್ಟರೆ ಅವಳು ಹಾಗೆಯೇ ಫಾರ್ವರ್ಡ್ ಮಾಡುತ್ತಾಳೆ. ಬರೆದುಕೊಡದಿದ್ದರೆ ತಾನೇ ಊಹಿಸಿ ಬರೆಯುತ್ತಾಳೆ.

ಮೂರನೆಯದು ಬೆಂಗಳೂರಿನಲ್ಲಿ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಭಾನುವಾರ ಸಂಜೆಯ ಕಣ್ಣೂರು-ಬೆಂಗಳೂರು ರೈಲಿಗೆ ಕಾಸರಗೋಡಿನಿಂದ ತತ್ಕಾಲ್ ಟಿಕೆಟ್ ಮಾಡಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಮಾವ ತೀರಿಕೊಂಡರು. ಕನ್ಫರ್ಮ್ ಆದ ತತ್ಕಾಲ್‌ಗೆ ರೀಫಂಡ್ ಇಲ್ಲ, 400 ಚಿಲ್ಲರೆ ರೂಪಾಯಿ ಹೋಯಿತು. ಅಂಗಳದ ತುಂಬ ಜನ. ರೇಂಜ್ ಸಿಗುವ ಹಲಸಿನ ಮರದ ಬುಡಕ್ಕೆ ಹೋಗಿ ನಿಂತೆ.

ಅಣ್ಣ ಹಿಂದೆಯೇ ಬಂದು, "ಮಾವ ಅಂತ ಬರೀಬೇಡ, ಅಂಕಲ್ ಅಂದ್ರೆ ಅವರಿಗೆ ಲೆಕ್ಕಕ್ಕಿಲ್ಲ. ಅಪ್ಪ ಅಂತ ಬರಿ" ಎಂದ. ಮಾತಿನಲ್ಲಿ ಅರ್ಧ ನಿಜ ಇತ್ತು. ನಮ್ಮ ಕಡೆ ಅಮ್ಮನ ಅಣ್ಣನೆಂದರೆ ಮನೆಯ ಯಜಮಾನ, ನನ್ನ ಫೀಸು ಕಟ್ಟಿದವರೇ ಅವರು. ಇಂಗ್ಲಿಷಿನ ಅಂಕಲ್‌ನಲ್ಲಿ ಅದು ಯಾವುದೂ ಇಲ್ಲ. ಆದರೆ ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. ಸಂಬಂಧದ ಹೆಸರನ್ನೇ ಬಿಟ್ಟೆ.

ಇಂಟರ್‌ವ್ಯೂ ಪತ್ರ ಬಂದ ಮೇಲ್‌ಗೇ ರಿಪ್ಲೈ ಮಾಡಿದೆ, ಹುದ್ದೆಯ ಹೆಸರು, ನಂಬರು ಅದರಲ್ಲೇ ಇರುತ್ತದೆ. ಬರೆದದ್ದು ಇಂಗ್ಲಿಷಿನಲ್ಲಿ, ಅರ್ಥ ಇಷ್ಟು: "ಇಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಸಾವಾಗಿದೆ. ನಾಳೆ 10.30ರ ಇಂಟರ್‌ವ್ಯೂಗೆ ಬರಲಾಗುವುದಿಲ್ಲ. ಈ ಕೆಲಸದಲ್ಲಿ ನನಗೆ ಆಸಕ್ತಿ ಹಾಗೆಯೇ ಇದೆ, ಕೆಳಗೆ ಕೊಟ್ಟ ಎರಡು ದಿನಾಂಕಗಳಲ್ಲಿ ಯಾವಾಗ ಬೇಕಾದರೂ ಬರಬಲ್ಲೆ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ." ಇಂಟರ್‌ವ್ಯೂ ಗೊತ್ತುಮಾಡಿದ ಕನ್ಸಲ್ಟೆನ್ಸಿಯವರಿಗೆ ಮಾತ್ರವಲ್ಲ, ಕಂಪನಿಯವರಿಗೂ ಹಾಕಿದೆ. ನಡುವಿನವರ ಬಾಯಲ್ಲಿ ಮಾತು ಬೆಳೆಯುತ್ತದೆ.

ಆ ಎರಡು ದಿನ ಯಾವುದೆಂದು ಲೆಕ್ಕ ಹಾಕಲು ಮಾತ್ರ ಹೊತ್ತು ಹಿಡಿಯಿತು. ಉತ್ತರಕ್ರಿಯೆ ಯಾವತ್ತೆಂದು ಹಿರಿಯರನ್ನು ಕೇಳಿ, ಅದರ ನಂತರದ ದಿನಗಳನ್ನೇ ಕೊಟ್ಟೆ. ಅದೇ ವಾರದಲ್ಲಿ ವಿಡಿಯೋದಲ್ಲಿ ಮಾಡಿದರೆ ಹೇಗೆ ಎಂದೂ ನೋಡಿದ್ದೆ. ಬದಿಯಡ್ಕದ ಗೆಳೆಯನ ರೂಮಿನಲ್ಲಿ ಕೂತು ಅವನ ಜೊತೆ ಸುಮ್ನೆ ಪ್ರಾಕ್ಟೀಸ್ ಮಾಡಿದೆ. ನೆಟ್ ಸರಿ ಇತ್ತು, ತಲೆ ಓಡಲಿಲ್ಲ. ಎರಡನೇ ಪ್ರಶ್ನೆಗೇ ಗಂಟಲು ಕಟ್ಟಿತು. ಅಲ್ಲಿಗೇ ಬಿಟ್ಟೆ.

ಸೋಮವಾರ ಒಂಬತ್ತಕ್ಕೆ ಫೋನ್ ಮಾಡಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. "ಏನಾಗಿತ್ತು?" ಎಂದು ರಿಕ್ರೂಟರ್ ಮೇಡಂ ಕೇಳಿದರು. "ಮನೆಯ ಹಿರಿಯರು, ನನ್ನನ್ನು ಓದಿಸಿದವರು ಮೇಡಂ" ಎಂದೆ, ಮತ್ತೆ ದಿನಾಂಕಕ್ಕೆ ಬಂದೆ. ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಹೇಳಲು ಶುರು ಮಾಡಿದರೆ ಅದರ ತೂಕ ಹೋಗುತ್ತದೆ. ಮುಕ್ಕಾಲು ಗಂಟೆಯೊಳಗೆ ಹೊಸ ದಿನಾಂಕ ಬಂತು. ಮರಣ ಪತ್ರ ಯಾರೂ ಕೇಳಲಿಲ್ಲ.

ಹದಿನೇಳು ದಿನ ಬಿಟ್ಟು ಹೋದಾಗ ಪ್ಯಾನೆಲ್‌ನ ಹಿರಿಯರು, "ನಿಮ್ಮ ಮನೆಯಲ್ಲಿ ಸಾವಾಯಿತಂತೆ, ಬೇಸರವಾಯಿತು" ಎಂದರು. ನಾನು ಬರೆದ ಸಾಲೇ ಅವರ ತನಕ ಹೋಗಿತ್ತು. "ಥ್ಯಾಂಕ್ಸ್ ಸರ್" ಎಂದು ಫೈಲ್ ತೆರೆದೆ.