ಇಜಿಟಿಎ ಹಾಕಿದರೂ ಕುಗ್ಗುತ್ತಿದ್ದ ಸ್ನಾಯು ಎಳೆ ಕೊನೆಗೂ ಸಡಿಲವಾಯಿತು

ಗ್ಲಿಸರಿನ್‌ನಲ್ಲಿಟ್ಟ ಮೊಲದ ಸೋಯಸ್ ಎಂಬ ಸೊಂಟದ ಸ್ನಾಯುವಿಗೆ, ಜೀವಕೋಶಕ್ಕೆ ಶಕ್ತಿ ಕೊಡುವ ಅಣುವಾದ ಎಟಿಪಿ ಹಾಕಿ ಕುಗ್ಗಿಸುವುದು ಸುಲಭ. ಅದೇ ಎಳೆಯಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದಾಗ ಕುಗ್ಗದು, ಇದ್ದಾಗ ಕುಗ್ಗುತ್ತದೆ ಎಂದು ತೋರಿಸುವುದೇ ಕಷ್ಟ. ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಇಜಿಟಿಎಯನ್ನು 5 ಮಿಲಿಮೋಲಾರ್ ಹಾಕಿದರೂ ಎಳೆ ಕುಗ್ಗುತ್ತಲೇ ಇತ್ತು. ತಿಂಗಳುಗಟ್ಟಲೆ ಫ್ರೀಜರ್‌ನಲ್ಲಿದ್ದ ಸ್ನಾಯುವಿನಲ್ಲಿ ಕ್ಯಾಲ್ಸಿಯಂಗೆ ಸ್ವಿಚ್‌ನಂತಿರುವ ಟ್ರೋಪೋನಿನ್ ಎಂಬ ಪ್ರೋಟೀನು ಕೆಟ್ಟಿರುತ್ತದೆ, ಬಿಟ್ಟುಬಿಡಿ ಎಂದವರೇ ಹೆಚ್ಚು.

ಮೊದಲು ನೀರಿನ ಮೇಲೆ ಅನುಮಾನಪಟ್ಟೆ. ಗಾಜಿನ ಪಾತ್ರೆಯ ನೀರಿನಲ್ಲಿ ಕೆಲವು ಮೈಕ್ರೋಮೋಲಾರ್ ಕ್ಯಾಲ್ಸಿಯಂ ಇರಬಹುದು, ಸ್ವಿಚ್ ಒತ್ತಲು ಅಷ್ಟೇ ಸಾಕು. ಆದರೆ 5 ಮಿಲಿಮೋಲಾರ್ ಇಜಿಟಿಎ ಅದನ್ನು ಸಲೀಸಾಗಿ ಹಿಡಿದಿಡುತ್ತದೆ. ಆಮೇಲೆ ಎಟಿಪಿ ಹಳತಾಗಿದೆಯೆಂದು ಎರಡು ಸಲ ಹೊಸದು ತರಿಸಿದೆ, ಹೆಚ್ಚಿನ ದುಡ್ಡು ಹೋಗಿದ್ದು ಅಲ್ಲೇ.

ದೋಷ ಇದ್ದದ್ದು ಎಳೆಯ ದಪ್ಪದಲ್ಲಿ. ಸುಮಾರು 1 ಮಿಲಿಮೀಟರ್ ದಪ್ಪದ ಎಳೆಯಲ್ಲಿ ಹೊರಗಿನ ನಾರುಗಳೇ ಎಟಿಪಿ ತಿಂದು ಮುಗಿಸುತ್ತವೆ, ಒಳಗೆ ತಲುಪುವುದು ಅತ್ಯಲ್ಪ. ಎಳೆಯುವ ಪ್ರೋಟೀನಾದ ಮಯೋಸಿನ್‌ನ ಎಟಿಪಿ ಸಿಗದ ತಲೆಗಳು ಆಕ್ಟಿನ್ ತಂತುವಿಗೆ ಅಂಟಿಕೊಂಡೇ ಉಳಿದು, ಅದರ ಹಿಡಿಯುವ ಜಾಗಗಳನ್ನು ಮುಚ್ಚಿಡುವ ಟ್ರೋಪೋಮಯೋಸಿನ್ ಅನ್ನು ಬದಿಗೆ ತಳ್ಳಿಡುತ್ತವೆ. ಪಕ್ಕದ ಜಾಗಗಳು ತೆರೆದುಕೊಳ್ಳುವುದರಿಂದ, ಎಟಿಪಿ ಸಿಕ್ಕ ಬೇರೆ ತಲೆಗಳು ಕ್ಯಾಲ್ಸಿಯಂ ಇಲ್ಲದೆಯೂ ಹಿಡಿದು ಎಳೆಯುತ್ತವೆ. ಟ್ರೋಪೋನಿನ್ ಚೆನ್ನಾಗಿಯೇ ಇತ್ತು!

ಹಾಗಾಗಿ ಎಳೆಯನ್ನು 0.1ರಿಂದ 0.2 ಮಿಲಿಮೀಟರ್‌ಗೆ ಸೀಳಿದೆ. ಸೀಳುವಾಗ ನಾರು ಹರಿಯದಂತೆ ಹಿಡಿಯುವ ನನ್ನದೇ ಒಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ದ್ರಾವಣದಲ್ಲಿ ಅಂದಾಜು 100 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 20 ಇಮಿಡಜೋಲ್, 6 ಮೆಗ್ನೀಸಿಯಂ ಕ್ಲೋರೈಡ್, 4 ಎಟಿಪಿ, 5 ಇಜಿಟಿಎ, ಪಿಎಚ್ 7. ಜೊತೆಗೆ 10 ಕ್ರಿಯಾಟಿನ್ ಫಾಸ್ಫೇಟ್ ಮತ್ತು ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ. ಕಿಣ್ವ ದುಬಾರಿ, ಆದರೆ ಎಳೆಯೊಳಗೆ ಖರ್ಚಾದ ಎಟಿಪಿಯನ್ನು ಅಲ್ಲೇ ತುಂಬಿಕೊಡುವುದು ಅದೇ.

ಎಟಿಪಿ ಇಲ್ಲದ ದ್ರಾವಣದಲ್ಲಿ ಎಳೆಯನ್ನು ಸೂಜಿಯಿಂದ ಬಾಗಿಸಿದರೆ ಒಣ ಹುಲ್ಲುಕಡ್ಡಿಯಂತೆ ಸೆಟೆದಿರುತ್ತದೆ. ಮೇಲಿನ ದ್ರಾವಣಕ್ಕೆ ಹಾಕಿದರೆ ಕುಗ್ಗದೆಯೇ ಒದ್ದೆ ದಾರದಂತೆ ಮೆತ್ತಗಾಗುತ್ತದೆ. ಮಯೋಸಿನ್ ತಲೆ ಆಕ್ಟಿನ್‌ನಿಂದ ಬಿಡಿಸಿಕೊಳ್ಳಲೂ ಎಟಿಪಿ ಬೇಕೆಂಬುದು ಇಲ್ಲಿ ಕೈಗೇ ತಿಳಿಯುತ್ತದೆ. ನಂತರ ಅದೇ ದ್ರಾವಣಕ್ಕೆ 5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿದ ಇನ್ನೊಂದಕ್ಕೆ ದಾಟಿಸಿದೆ. 2 ಸೆಂಟಿಮೀಟರ್ ಇದ್ದದ್ದು ಕಣ್ಣೆದುರೇ 1ರ ಹತ್ತಿರ ಬಂತು.

ಈ ಎರಡನೆಯ ದ್ರಾವಣದಲ್ಲಿ ಒಂದು ಮೋಸವಿದೆ. ಇಜಿಟಿಎ ಕ್ಯಾಲ್ಸಿಯಂ ಹಿಡಿದಾಗ ಹೈಡ್ರೋಜನ್ ಅಯಾನು ಬಿಡುತ್ತದೆ, ಪಿಎಚ್ ಕುಸಿದು ಎಳೆತ ಸೋಲುತ್ತದೆ. ಕ್ಯಾಲ್ಸಿಯಂ ಹಾಕಿದ ಮೇಲೆ ಮತ್ತೊಮ್ಮೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ 7ಕ್ಕೆ ತರಲೇಬೇಕು.

ಅನುಮಾನ ಉಳಿಯಬಾರದೆಂದು ತೆಳು ಎಳೆಗೂ ಬೇಕೆಂದೇ ಇಜಿಟಿಎ ಜೊತೆ ಬರೀ ಕೆಲವು ಮೈಕ್ರೋಮೋಲಾರ್ ಎಟಿಪಿ ಕೊಟ್ಟು ನೋಡಿದೆ, ಕಿಣ್ವ ಹಾಕಲಿಲ್ಲ. ಕ್ಯಾಲ್ಸಿಯಂ ಇಲ್ಲದೆಯೇ ನಿಧಾನವಾಗಿ ಕುಗ್ಗಿತು, ಹಳೆಯ ದಪ್ಪ ಎಳೆ ಮಾಡಿದ ಹಾಗೆಯೇ.